ಮದ್ದು ಬಿಟ್ಟ ಮೇಲೆ: ಮುಟ್ಟು ನಿಂತ ನಂತರದ ಹಾರ್ಮೋನು ಮತ್ತು ಮೂಳೆಯ ಔಷಧಗಳು



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಯಾವ ಕಾಯಿಲೆಗೆ ಯಾವ ಮಾತ್ರೆ ಎಂದು ಹೇಳಿ ಕೂರುವುದು ವಾಡಿಕೆ. ನಾನು ಇವತ್ತು ಹೇಳಬೇಕೆಂದಿರುವುದು ಮಾತ್ರೆ ಬಿಟ್ಟ ಮೇಲಿನ ಕಥೆ. ಮುಟ್ಟು ನಿಂತ ಹೆಂಗಸರ ಮೂಳೆ ಕಾಯಲು ನಮ್ಮ ಕೈಯಲ್ಲಿ ಮುಖ್ಯವಾಗಿ ಮೂರು ಬಗೆಯ ಮದ್ದುಗಳಿವೆ. ಈಸ್ಟ್ರೋಜೆನ್ ಹಾರ್ಮೋನು ಒಂದು, ಬಿಸ್‌ಫಾಸ್ಫೊನೇಟ್ ಎಂಬ ಗುಂಪು ಇನ್ನೊಂದು, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ ಮತ್ತೊಂದು. ತೆಗೆದುಕೊಳ್ಳುತ್ತಿರುವಷ್ಟು ದಿನ ಮೂರೂ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತವೆ. ನಿಲ್ಲಿಸಿದ ದಿನ ಮೂರೂ ಮೂರು ದಾರಿ ಹಿಡಿಯುತ್ತವೆ. ಔಷಧದ ಚೀಟಿ ಬರೆಯುವಾಗ ನಾವು ವೈದ್ಯರು ಇದನ್ನು ಸರಿಯಾಗಿ ಹೇಳುವುದಿಲ್ಲ. ಹೇಳದೆ ಹೋದದ್ದರಿಂದ ಬೆನ್ನು ಮುರಿದುಕೊಂಡವರನ್ನು ನಾನು ಕಂಡಿದ್ದೇನೆ.

ಮೊದಲೇ ಒಂದು ಮಾತು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಮೂಳೆಯ ಕಾಯಿಲೆ ಎಂದೊಡನೆ ಹಿರಿಯರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನೆನಪಾಗುತ್ತದೆ. 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಅದು ಕೆಲವು ಕುಟುಂಬಗಳಲ್ಲಿ ವಂಶವಾಹಿಯಾಗಿ ಬರುವ ಮೂಳೆ ಕೀಲುಗಳ ರೋಗ. ಇವತ್ತಿನ ಮದ್ದುಗಳಿಗೂ ಅದಕ್ಕೂ ಸಂಬಂಧವಿಲ್ಲ. ಮಂಡಿ ಸವೆತದ ನೋವಿಗೂ ಇವು ಮದ್ದಲ್ಲ. ನಾನು ಹೇಳುತ್ತಿರುವುದು ನೋವೇ ಇಲ್ಲದೆ ಒಳಗೊಳಗೇ ಟೊಳ್ಳಾಗಿ, ಬಚ್ಚಲಲ್ಲಿ ಜಾರಿದ್ದಕ್ಕೆ, ಬಿಂದಿಗೆ ಎತ್ತಿದ್ದಕ್ಕೆ ಮುರಿಯುವ ಮೂಳೆಯ ವಿಚಾರ.

ನಮ್ಮ ಮೂಳೆ ಒಮ್ಮೆ ಬೆಳೆದು ಹಾಗೇ ನಿಂತ ವಸ್ತುವಲ್ಲ. ಅದನ್ನು ಅಲ್ಲಲ್ಲಿ ಕೆರೆದು ತೆಗೆಯುವ ಕೋಶಗಳಿವೆ, ಆ ಕುಳಿಯನ್ನು ಹೊಸ ಮೂಳೆಯಿಂದ ತುಂಬುವ ಕೋಶಗಳಿವೆ. ಕೆರೆಯುವವರ ಕೆಲಸ ಕೆಲವು ವಾರಗಳದ್ದು, ತುಂಬುವವರದ್ದು ಕೆಲವು ತಿಂಗಳುಗಳದ್ದು. ಹೆಣ್ಣಿನ ದೇಹದಲ್ಲಿ ಕೆರೆಯುವ ಕೋಶಗಳ ಮೇಲೆ ಹತೋಟಿ ಇಡುವುದು ಅಂಡಾಶಯದಿಂದ ಬರುವ ಈಸ್ಟ್ರೋಜೆನ್. ಮುಟ್ಟು ನಿಂತಾಗ ಆ ಹತೋಟಿ ತಪ್ಪುತ್ತದೆ. ಕುಳಿಗಳು ಹೆಚ್ಚಾಗುತ್ತವೆ, ತುಂಬುವವರು ಹಿಂದೆ ಬೀಳುತ್ತಾರೆ. ಮೊದಲ ಕೆಲವು ವರ್ಷ ಬೆನ್ನೆಲುಬಿನ ಒಳಗಿನ ಜಾಲರಿಯಂಥ ಮೂಳೆ ವರ್ಷಕ್ಕೆ ಸುಮಾರು ನೂರಕ್ಕೆ ಎರಡರಷ್ಟು ಕರಗುತ್ತದೆ. ಅಂಡಾಶಯಕ್ಕೂ ಈ ಮೂಳೆಗೂ ಇರುವ ನಂಟನ್ನು ಮೊದಲು ಬಿಡಿಸಿ ಹೇಳಿದವರು ಅಮೆರಿಕದ ಬಾಸ್ಟನ್ನಿನ ಫುಲ್ಲರ್ ಆಲ್ಬ್ರೈಟ್. 1940ರ ಸುಮಾರಿಗೆ ಅವರು ನೋಡಿದ ಅರುವತ್ತೈದರೊಳಗಿನ ಇಂಥ 42 ಮಹಿಳಾ ರೋಗಿಗಳಲ್ಲಿ 40 ಮಂದಿ ಮುಟ್ಟು ನಿಂತವರಾಗಿದ್ದರು.

ಇನ್ನು ಭದ್ರಾವತಿಯ ಒಬ್ಬ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರನ್ನು ಸರೋಜಮ್ಮ ಎಂದು ಕರೆಯೋಣ. ಹೆಸರು ನಾನಿಟ್ಟದ್ದು, ನಾಲ್ಕಾರು ಮಂದಿಯ ವಿವರಗಳನ್ನು ಒಬ್ಬರ ಮೇಲೆ ಹೊರಿಸಿದ್ದೇನೆ, ಯಾರ ಗುರುತೂ ಹತ್ತಬಾರದೆಂದು. ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ವಿಭಾಗದಲ್ಲಿದ್ದವರು. ಸರೋಜಮ್ಮ ಹುಟ್ಟಿದ್ದು 1957ರಲ್ಲಿ. 1998ರಲ್ಲಿ, ನಲವತ್ತೊಂದನೆಯ ವಯಸ್ಸಿಗೆ, ಹೆಚ್ಚು ರಕ್ತಸ್ರಾವ ಆಗುತ್ತಿದೆಯೆಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿದರು. ‘ಮತ್ತೆ ತೊಂದರೆ ಬೇಡ’ ಎಂದು ಎರಡೂ ಅಂಡಾಶಯಗಳನ್ನೂ ಜತೆಗೇ ತೆಗೆದಿದ್ದರು. ಇದು ಅವರಿಗೆ ಗೊತ್ತಿರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿತ್ತು, ಆ ಕಾಗದ ಟ್ರಂಕಿನ ತಳದಲ್ಲಿತ್ತು.

ಗರ್ಭಕೋಶ ತೆಗೆಸುವುದು ನಮ್ಮಲ್ಲಿ ಎಷ್ಟು ಸಲೀಸಾಗಿದೆ ಎನ್ನುವುದು ನಿಮಗೆ ಗೊತ್ತು. ರಾಣೆಬೆನ್ನೂರು, ಕಲಬುರಗಿ ಕಡೆಯ ಲಂಬಾಣಿ ತಾಂಡಾಗಳ ಹೆಂಗಸರು ಇದರ ವಿರುದ್ಧ ಬೀದಿಗಿಳಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಅದು ಬೇರೆಯೇ ಉಪನ್ಯಾಸದ ವಸ್ತು. ಇಲ್ಲಿಗೆ ಬೇಕಾದದ್ದು ಇಷ್ಟು: ಮುಟ್ಟು ತಾನಾಗಿ ನಿಲ್ಲುವಾಗ ಈಸ್ಟ್ರೋಜೆನ್ ಕೆಲವು ವರ್ಷಗಳಲ್ಲಿ ಏರಿಳಿಯುತ್ತಾ ಇಳಿಯುತ್ತದೆ, ಅಂಡಾಶಯ ತೆಗೆದರೆ ಒಂದೆರಡು ದಿನದಲ್ಲಿ ನೆಲ ಕಚ್ಚುತ್ತದೆ. ಸರೋಜಮ್ಮನಿಗೆ ಅದೇ ವಾರ ಶುರುವಾದ ಬೆವರು, ಮೈ ಝಳ, ನಿದ್ದೆಗೇಡನ್ನು ಮನೆಯವರೆಲ್ಲ ಆಪರೇಷನ್ನಿನ ಸುಸ್ತು ಎಂದುಕೊಂಡರು.

ಆಗ ಅವರಿಗೆ ಕೊಡಬೇಕಾಗಿದ್ದದ್ದು ಈಸ್ಟ್ರೋಜೆನ್. ನಲವತ್ತೊಂದರ ಹೆಂಗಸಿಗೆ ಅದು ಹೊರಗಿನಿಂದ ತಂದು ಸೇರಿಸಿದ ಮದ್ದಲ್ಲ, ಐವತ್ತರವರೆಗೆ ಅವರ ದೇಹದಲ್ಲೇ ಇರಬೇಕಾಗಿದ್ದುದನ್ನು ವಾಪಸು ಕೊಡುವುದಷ್ಟೆ. ಈಗ ಎಲ್ಲ ಮಾರ್ಗಸೂಚಿಗಳೂ ಹೀಗೇ ಹೇಳುತ್ತವೆ: ನಲವತ್ತೈದಕ್ಕೆ ಮೊದಲೇ ಅಂಡಾಶಯ ಹೋದರೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಿ. ಅವರಿಗೆ ಗರ್ಭಕೋಶವೇ ಇರಲಿಲ್ಲವಾದ್ದರಿಂದ ಈಸ್ಟ್ರೋಜೆನ್ ಒಂದೇ ಸಾಕಾಗುತ್ತಿತ್ತು.

ಈ ಮಾತನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ಹಾರ್ಮೋನಿನ ಬಗ್ಗೆ ಇರುವ ಹೆದರಿಕೆಯೆಲ್ಲ ಈ ಗಂಟಿನಲ್ಲಿದೆ. ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮಾತ್ರೆ ಅಮೆರಿಕದಲ್ಲಿ 1942ರಿಂದ ಮಾರಾಟದಲ್ಲಿತ್ತು. ಯೌವನ ಉಳಿಸುವ ಮಾತ್ರೆಯೆಂದು ಅದನ್ನು ಹೊಗಳಿದ್ದೇ ಹೊಗಳಿದ್ದು. 1975ರಲ್ಲಿ ಗುಟ್ಟು ಒಡೆಯಿತು: ಗರ್ಭಕೋಶ ಇರುವ ಹೆಂಗಸು ಬರೀ ಈಸ್ಟ್ರೋಜೆನ್ ನುಂಗಿದರೆ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಹೋಗಿ ಅಲ್ಲಿ ಕ್ಯಾನ್ಸರ್ ಬರುವ ಸಂಭವ ಹಲವು ಪಟ್ಟು ಏರುತ್ತದೆ. ತಿಂಗಳ ಮುಟ್ಟಿನಲ್ಲಿ ಆ ಪದರವನ್ನು ಹದಕ್ಕೆ ತಂದು ಉದುರಲು ಅಣಿ ಮಾಡುವುದು ಎರಡನೆಯ ಹಾರ್ಮೋನಾದ ಪ್ರೊಜೆಸ್ಟರಾನ್. ಆದ್ದರಿಂದ ಅದನ್ನೋ, ಅದರ ಕೃತಕ ರೂಪವಾದ ಪ್ರೊಜೆಸ್ಟಿನನ್ನೋ ಜತೆಗೆ ಸೇರಿಸುವುದು ಕಡ್ಡಾಯವಾಯಿತು. ಪ್ರೊಜೆಸ್ಟಿನ್ ಇರುವುದು ಗರ್ಭಕೋಶದ ಕಾವಲಿಗೆ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಅದರ ಅಗತ್ಯವೇ ಇಲ್ಲ. ಚೀಟಿಯಲ್ಲಿ ತಪ್ಪು ಎರಡು ಕಡೆಯೂ ಆಗುತ್ತದೆ, ಇರುವವರಿಗೆ ಬಿಟ್ಟುಹೋಗುವುದು, ಇಲ್ಲದವರಿಗೆ ಸೇರಿಸುವುದು. ಮೊದಲನೆಯದು ಅಪಾಯಕಾರಿ.

ಆಮೇಲೆ ಬಂತು 2002ರ ಜುಲೈ. ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಗರ್ಭಕೋಶ ಇರುವ 16,608 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ಈಸ್ಟ್ರೋಜೆನ್–ಪ್ರೊಜೆಸ್ಟಿನ್ ಜೋಡಿ, ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟಿದ್ದರು. ಐದು ವರ್ಷ ದಾಟುತ್ತಿದ್ದಂತೆ ಜೋಡಿ ಮಾತ್ರೆಯ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಹತ್ತು ಸಾವಿರ ಹೆಂಗಸರು ಒಂದು ವರ್ಷ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ 8 ಹೆಚ್ಚು, ಲಕ್ವ 8 ಹೆಚ್ಚು, ಶ್ವಾಸಕೋಶಕ್ಕೆ ರಕ್ತ ಹೆಪ್ಪು ಹೋಗುವುದು 8 ಹೆಚ್ಚು, ಹೃದಯಾಘಾತದಂಥವು 7 ಹೆಚ್ಚು, ಸೊಂಟದ ಮೂಳೆ ಮುರಿತ 5 ಕಡಿಮೆ. ಸುದ್ದಿ ಊರೂರಿಗೆ ಹಬ್ಬಿತು. ಇಲ್ಲಿಯ ವೈದ್ಯರೂ ಹಾರ್ಮೋನಿನ ಚೀಟಿ ಬರೆಯಲು ಕೈ ಹಿಂದೆಗೆದರು. ಆದರೆ ಆ ಮಹಿಳೆಯರ ಸರಾಸರಿ ವಯಸ್ಸು ಅರುವತ್ತಮೂರು. ಮುಟ್ಟು ನಿಂತು ಹತ್ತು ಹದಿನೈದು ವರ್ಷವಾದ ಮೇಲೆ ಶುರು ಮಾಡಿದವರ ಲೆಕ್ಕವನ್ನು ತಂದು ನಲವತ್ತರ ಆಸುಪಾಸಿನಲ್ಲಿ ಅಂಡಾಶಯ ಕಳೆದುಕೊಂಡವಳ ಮೇಲೆ ಹೇರಿದ್ದು ನಮ್ಮ ವೃತ್ತಿ ಮಾಡಿದ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ. ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ, ಗರ್ಭಕೋಶ ತೆಗೆಸಿ ಬರೀ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ, ಲಕ್ವ ಹೆಚ್ಚಾದದ್ದು ನಿಜ. ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮದ್ದುಗಳ ಡಬ್ಬಿಯ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಬಹುಪಾಲನ್ನು ತೆಗೆಸುವುದಾಗಿ ಪ್ರಕಟಿಸಿದ್ದು 2025ರ ನವೆಂಬರಿನಲ್ಲಿ.

ಈಸ್ಟ್ರೋಜೆನ್ ನಿಲ್ಲಿಸಿದರೆ ಏನಾಗುತ್ತದೆ? ಅದು ಮೂಳೆಯಲ್ಲಿ ಉಳಿಯುವ ವಸ್ತುವಲ್ಲ. ನಿಲ್ಲಿಸಿದ ಮೇಲೆ ಮುಟ್ಟು ನಿಂತಾಗ ಆಗುತ್ತಿದ್ದ ಕರಗುವಿಕೆ ಮತ್ತೆ ಶುರುವಾಗುತ್ತದೆ, ಕೆಲವು ವರ್ಷಗಳಲ್ಲಿ ಗಳಿಸಿದ ರಕ್ಷಣೆ ಕರಗಿಹೋಗುತ್ತದೆ. ಆದರೆ ಮದ್ದನ್ನು ಮುಟ್ಟದವರಿಗಿಂತ ಕೆಟ್ಟ ಸ್ಥಿತಿಗೆ ಇಳಿಯುವುದಿಲ್ಲ. ಮೇಲೆ ಹೇಳಿದ ಪ್ರಯೋಗದವರನ್ನು ನಿಲ್ಲಿಸಿದ ಮೇಲೂ ಹಿಂಬಾಲಿಸಿ ನೋಡಿದ್ದಾರೆ. ಮುರಿತಗಳು ಸುಳ್ಳು ಮಾತ್ರೆಯವರ ಮಟ್ಟಕ್ಕೆ ಬಂದವೇ ಹೊರತು ಅದನ್ನು ದಾಟಲಿಲ್ಲ.

ಸರೋಜಮ್ಮನಿಗೆ ಈ ಅವಕಾಶವೇ ಸಿಗಲಿಲ್ಲ. 2012ರಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿದರು, ಬಿಚ್ಚಿದರು. ನಿಂತ ಎತ್ತರದಿಂದ ಬಿದ್ದು ಐವತ್ತೈದಕ್ಕೆ ಕೈ ಮುರಿದ ಹೆಂಗಸಿಗೆ ‘ನಿಮ್ಮ ಮುಟ್ಟು ಯಾವಾಗ ನಿಂತಿತು?’ ಎಂದು ಯಾರೂ ಕೇಳಲಿಲ್ಲ. 2018ರ ಜನವರಿಯಲ್ಲಿ ಅಕ್ಕಿ ಚೀಲ ಸರಿಸುವಾಗ ಬೆನ್ನಲ್ಲಿ ಚಳಕ್ ಎಂದಿತು. ಎಕ್ಸ್‌ರೇಯಲ್ಲಿ ಎದೆಯ ಭಾಗದ ಕೊನೆಯ ಬೆನ್ನುಮೂಳೆ ಮುಂದಕ್ಕೆ ಕುಸಿದು ಬೆಣೆಯ ಆಕಾರ ತಳೆದಿತ್ತು. ಇಂಥ ಕುಸಿತಗಳಲ್ಲಿ ಮೂರರಲ್ಲಿ ಎರಡು ಪಾಲು ಯಾರ ಗಮನಕ್ಕೂ ಬರದೆ ಹೋಗುತ್ತವೆ. ಆದ್ದರಿಂದಲೇ ವಯಸ್ಸಾದವರ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆಯಬೇಕು. ಪ್ರಾಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸುವುದು ನ್ಯಾಯ. ಮೆಡಿಕಲ್ ಶಾಪಿನ ಮುಂದೆ ಶಾಮಿಯಾನ ಹಾಕಿ ಹಿಮ್ಮಡಿಗೆ ಯಂತ್ರ ಹಿಡಿದು ಕೊಡುವ ಚೀಟಿಯನ್ನು ನಂಬಿ ವರ್ಷಗಟ್ಟಲೆ ಮದ್ದು ತೆಗೆದುಕೊಳ್ಳುವವರಿಗೂ ಒಂದು ಮಾತು ಹೇಳುತ್ತೇನೆ. ಆ ಯಂತ್ರ ಚಿಕಿತ್ಸೆಯನ್ನು ನಿರ್ಧರಿಸಲು ಸಾಲದು. ಸೊಂಟ ಮತ್ತು ಬೆನ್ನನ್ನು ನೋಡುವ ಡೆಕ್ಸಾ ಸ್ಕ್ಯಾನ್ ಬೇಕು, ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಸರೋಜಮ್ಮನದು ಬೆನ್ನಿನಲ್ಲಿ ಮೈನಸ್ 3.4 ಇತ್ತು.

ಅವರಿಗೆ ಮೊದಲು ಬರೆದುಕೊಟ್ಟದ್ದು ಅಲೆಂಡ್ರೊನೇಟ್, ವಾರಕ್ಕೊಂದು 70 ಮಿಲಿಗ್ರಾಂ ಮಾತ್ರೆ. ಇದು ಬಿಸ್‌ಫಾಸ್ಫೊನೇಟ್ ಗುಂಪಿನದು. ಈ ಗುಂಪಿನ ಹುಟ್ಟನ್ನು ಭದ್ರಾವತಿಯವರಿಗೆ ವಿವರಿಸುವುದು ಸುಲಭ. ಬಾಯ್ಲರಿನ ಕೊಳವೆಯೊಳಗೆ ಗಡಸು ನೀರಿನ ಸುಣ್ಣ ಕಟ್ಟದಂತೆ ನೀರಿಗೆ ಫಾಸ್ಫೇಟ್ ಸೇರಿಸುತ್ತಾರೆ, ಸರೋಜಮ್ಮನ ಯಜಮಾನರಿಗೆ ಇದು ನಿತ್ಯದ ಕೆಲಸವಾಗಿತ್ತು. ಸುಣ್ಣದ ಹರಳಿಗೆ ಅಂಟಿ ಅದು ಬೆಳೆಯದಂತೆ ಮಾಡುವ ಗುಣ ಈ ಬಗೆಯ ಫಾಸ್ಫೇಟ್‌ಗಳಿಗಿದೆ. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಷ್ ಮತ್ತು ಸಂಗಡಿಗರು ನಮ್ಮ ದೇಹದಲ್ಲೂ ಅಂಥದೇ ಪೈರೋಫಾಸ್ಫೇಟ್ ಇರುವುದನ್ನು ಕಂಡರು. ಅದನ್ನು ಮದ್ದಾಗಿ ಕೊಟ್ಟರೆ ದೇಹದ ಕಿಣ್ವಗಳು ಒಡೆದುಹಾಕುತ್ತವೆ. ಎರಡು ಫಾಸ್ಫರಸ್‌ಗಳ ನಡುವಿನ ಆಮ್ಲಜನಕವನ್ನು ತೆಗೆದು ಇಂಗಾಲವನ್ನು ಕೂರಿಸಿದಾಗ ಕಿಣ್ವಗಳ ಆಟ ನಡೆಯಲಿಲ್ಲ. ಅದೇ ಬಿಸ್‌ಫಾಸ್ಫೊನೇಟ್. ಅದು ಮೂಳೆಯ ಸುಣ್ಣಕ್ಕೆ ಅಂಟಿ ಕೂರುತ್ತದೆ. ಕೆರೆಯುವ ಕೋಶ ಬಂದು ಆ ಜಾಗವನ್ನು ಕೆರೆದಾಗ ಮದ್ದೂ ಅದರ ಹೊಟ್ಟೆ ಸೇರಿ ಕೋಶದ ಒಳಗಿನ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಆ ಕೋಶ ಮತ್ತೆ ಕೆರೆಯಲಾರದು.

ಕೆಲಸ ಗಟ್ಟಿ, ಆದರೆ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದು ಬಲು ಕಷ್ಟ. ಬರೀ ಹೊಟ್ಟೆಯಲ್ಲಿ ನುಂಗಿದರೂ ನೂರರಲ್ಲಿ ಒಂದು ಪಾಲು ಕೂಡ ಒಳಗೆ ಹೋಗುವುದಿಲ್ಲ. ಕಾಫಿಯ ಜತೆ ನುಂಗಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಷ್ಟ. ತಿಂಡಿಯ ಜತೆಯಾದರೆ ಲೆಕ್ಕಕ್ಕೇ ಇಲ್ಲ. ಬೆಳಿಗ್ಗೆ ಎದ್ದೊಡನೆ, ಒಂದು ದೊಡ್ಡ ಲೋಟ ಬರೀ ನೀರಿನೊಡನೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ, ಬಗ್ಗದೆ ಇರಬೇಕು. ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಹುಣ್ಣು ಮಾಡುತ್ತದೆ. ಸರೋಜಮ್ಮ ಏನು ಮಾಡುತ್ತಿದ್ದರು? ಎದ್ದು, ಕಾಫಿ ಬೆರೆಸಿ, ಎರಡು ಗುಟುಕು ಕಾಫಿಯಲ್ಲಿ ಮಾತ್ರೆ ಇಳಿಸಿ, ಬಗ್ಗಿ ಅಂಗಳ ಗುಡಿಸಿ ರಂಗೋಲಿ ಹಾಕುತ್ತಿದ್ದರು. ನಾಲ್ಕನೇ ವಾರಕ್ಕೆ ಎದೆಯುರಿ ಶುರುವಾಯಿತು. ‘ಆ ಮಾತ್ರೆ ನಂಗೆ ಆಗೋದಿಲ್ಲ ಡಾಕ್ಟ್ರೆ’ ಎಂದು ಬಿಟ್ಟರು. ಆಗದೆ ಹೋದದ್ದು ಮಾತ್ರೆಯಲ್ಲ, ಅದನ್ನು ತೆಗೆದುಕೊಳ್ಳುವ ಕ್ರಮವನ್ನು ಹೇಳುವವರು ಇರಲಿಲ್ಲ.

ಸರಿಯಾಗಿ ತೆಗೆದುಕೊಂಡಿದ್ದರೆ ಏನು ಸಿಗುತ್ತಿತ್ತು ಎಂಬುದಕ್ಕೆ 1996ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಮೊದಲೇ ಬೆನ್ನುಮೂಳೆ ಕುಸಿದಿದ್ದ ಮಹಿಳೆಯರಲ್ಲಿ ಮೂರು ವರ್ಷಕ್ಕೆ ಸೊಂಟ ಮುರಿದವರು ಸುಳ್ಳು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 2.2, ಅಲೆಂಡ್ರೊನೇಟ್ ಗುಂಪಿನಲ್ಲಿ 1.1; ಹೊಸದಾಗಿ ಬೆನ್ನುಮೂಳೆ ಕುಸಿದವರು 15ರಿಂದ 8ಕ್ಕೆ ಇಳಿದರು. ಬಿಟ್ಟ ಮೇಲೋ? ಈ ಮದ್ದು ಮೂಳೆಯಲ್ಲೇ ವರ್ಷಗಟ್ಟಲೆ ಕೂತಿರುತ್ತದೆ, ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಐದು ವರ್ಷ ತೆಗೆದುಕೊಂಡು ನಿಲ್ಲಿಸಿದವರನ್ನು ಹತ್ತು ವರ್ಷ ಮುಂದುವರಿಸಿದವರೊಡನೆ ಹೋಲಿಸಿದ್ದಾರೆ. ಸೊಂಟ, ಕೈ ಮುಂತಾದ ಮುರಿತಗಳಲ್ಲಿ ಹೆಚ್ಚಿನ ಅಂತರವಿರಲಿಲ್ಲ. ನೋವು ತರುವ ಬೆನ್ನಿನ ಕುಸಿತ ಮಾತ್ರ ನಿಲ್ಲಿಸಿದವರಲ್ಲಿ ನೂರಕ್ಕೆ 5.3, ಮುಂದುವರಿಸಿದವರಲ್ಲಿ 2.4. ಹಾಗಾಗಿ ಅಪಾಯ ಕಡಿಮೆ ಇರುವವರಿಗೆ ಐದು ವರ್ಷದ ನಂತರ ಬಿಡುವು ಕೊಡುತ್ತೇವೆ, ಹಿಂದೆ ಬೆನ್ನು ಕುಸಿದವರಿಗೆ ಮುಂದುವರಿಸುತ್ತೇವೆ.

ಬಿಡುವು ಏಕೆ ಬೇಕು ಎಂದರೆ, ಕೆರೆಯುವ ಕೆಲಸವನ್ನು ಬಹಳ ಕಾಲ ತಡೆದರೆ ತೊಡೆಯ ಮೂಳೆಯಲ್ಲಿ ಆಗುವ ಸಣ್ಣ ಬಿರುಕುಗಳು ರಿಪೇರಿಯಾಗದೆ ಉಳಿದು, ಅಪರೂಪಕ್ಕೆ ಮೂಳೆ ಕೋಲಿನಂತೆ ಅಡ್ಡಕ್ಕೆ ಮುರಿಯುತ್ತದೆ. ಅಮೆರಿಕದಲ್ಲಿ 2020ರಲ್ಲಿ ಬಂದ ಲೆಕ್ಕದ ಪ್ರಕಾರ ಹತ್ತು ಸಾವಿರ ಏಷ್ಯಾ ಮೂಲದ ಮಹಿಳೆಯರು ಮೂರು ವರ್ಷ ಈ ಮದ್ದು ತೆಗೆದುಕೊಂಡರೆ 91 ಸೊಂಟ ಮುರಿತ ತಪ್ಪುತ್ತದೆ, ಇಂಥ 8 ತೊಡೆ ಮುರಿತ ಆಗುತ್ತದೆ. ಬಿಳಿಯರಲ್ಲಿ 149ಕ್ಕೆ 2. ಲಾಭ ಇನ್ನೂ ದೊಡ್ಡದೇ, ಆದರೆ ಅಂತರ ನಮ್ಮಂಥವರಲ್ಲಿ ಕಿರಿದು. ಇದಕ್ಕೆ ಮುನ್ಸೂಚನೆ ಉಂಟು: ಮುರಿಯುವುದಕ್ಕೆ ವಾರಗಳ, ತಿಂಗಳುಗಳ ಮೊದಲೇ ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದವಾದ ನೋವು ಶುರುವಾಗುತ್ತದೆ. ಈ ಮದ್ದಿನಲ್ಲಿರುವವರು ಹಾಗೆಂದರೆ ನೋವಿನೆಣ್ಣೆ ಹಚ್ಚಿ ಕಳಿಸಬಾರದು, ಎರಡೂ ತೊಡೆಯ ಎಕ್ಸ್‌ರೇ ಪೂರ್ತಿ ಉದ್ದಕ್ಕೆ ತೆಗೆಸಬೇಕು.

ಎಲೆ ಅಡಿಕೆಯ ಜಿಲ್ಲೆ ನಮ್ಮದು. ಹಲ್ಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಈ ಮದ್ದಿನಲ್ಲಿರುವವರಿಗೆ ಹಲ್ಲು ಕಿತ್ತ ಗಾಯ ಒಣಗದೆ ದವಡೆಯ ಮೂಳೆ ಸತ್ತು ಹೊರಗೆ ಕಾಣುವ ತೊಂದರೆ 2003ರಿಂದ ವರದಿಯಾಗುತ್ತಿದೆ. ಹೆಚ್ಚಿನವು ಕ್ಯಾನ್ಸರಿಗಾಗಿ ತಿಂಗಳು ತಿಂಗಳೂ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಆದವು. ಮೂಳೆ ಸವಕಳಿಗೆ ಕೊಡುವ ಪ್ರಮಾಣದಲ್ಲಿ ಬಹಳ ಅಪರೂಪ. ಆದರೂ ಅಲ್ಲಾಡುವ, ಕೀವು ಕಟ್ಟಿದ ಹಲ್ಲಿದ್ದರೆ ಮದ್ದು ಶುರು ಮಾಡುವ ಮೊದಲೇ ತೆಗೆಸಿ, ಗಾಯ ಮಾಯಲು ಬಿಡಿ.

ಸರೋಜಮ್ಮನಿಗೆ ಮಾತ್ರೆಯ ಬದಲು 2018ರ ಏಪ್ರಿಲಿನಲ್ಲಿ ಡೆನೊಸುಮಾಬ್ ಶುರು ಮಾಡಿದರು. ಆರು ತಿಂಗಳಿಗೊಮ್ಮೆ ಚರ್ಮದಡಿಗೆ 60 ಮಿಲಿಗ್ರಾಂ. ಕೆರೆಯುವ ಕೋಶಗಳು ಹುಟ್ಟಿ ಬೆಳೆಯಲು ಒಂದು ಪ್ರೋಟೀನಿನ ಸಂದೇಶ ಬೇಕು; ಈ ಇಂಜೆಕ್ಷನ್ ಆ ಸಂದೇಶವನ್ನೇ ಹಿಡಿದು ನಿಲ್ಲಿಸುತ್ತದೆ. ಎದೆಯುರಿಯಿಲ್ಲ, ನಿಯಮವಿಲ್ಲ, ಮೂತ್ರಪಿಂಡ ದುರ್ಬಲವಾಗಿದ್ದರೂ ಎಚ್ಚರದಿಂದ ಕೊಡಬಹುದು. ಪ್ರಯೋಗದಲ್ಲಿ ಮೂರು ವರ್ಷಕ್ಕೆ ಬೆನ್ನಿನ ಕುಸಿತ ನೂರಕ್ಕೆ 7.2ರಿಂದ 2.3ಕ್ಕೆ ಇಳಿದಿತ್ತು. ದೇಶೀಯ ಕಂಪನಿಗಳೂ ತಯಾರಿಸುವುದರಿಂದ ಬೆಲೆಯೂ ಇಳಿದಿದೆ. ಇಷ್ಟು ಒಳ್ಳೆಯ ಮದ್ದಿನಲ್ಲಿ ಒಂದೇ ಕೊಕ್ಕೆ: ಅದು ಮೂಳೆಯಲ್ಲಿ ಕೂರುವುದಿಲ್ಲ. ಆರು ತಿಂಗಳಾದ ಮೇಲೆ ರಕ್ತದಿಂದ ಇಳಿದುಹೋಗುತ್ತದೆ. ಅಷ್ಟು ಕಾಲ ತಡೆಹಿಡಿದಿದ್ದ ಕೆರೆಯುವ ಕೋಶಗಳು ಆಗ ಒಟ್ಟಿಗೆ ಎದ್ದು, ಮದ್ದಿಗೆ ಮೊದಲು ಇದ್ದುದಕ್ಕಿಂತ ಜೋರಾಗಿ ಕೆಲಸ ಹಿಡಿಯುತ್ತವೆ. ಹಲವು ವರ್ಷದ ಗಳಿಕೆ ಸುಮಾರು ಒಂದು ವರ್ಷದಲ್ಲಿ ಹೋಗುತ್ತದೆ. ನಿಲ್ಲಿಸಿದವರನ್ನು ಗಮನಿಸಿದಾಗ ಬೆನ್ನಿನ ಕುಸಿತ ವರ್ಷಕ್ಕೆ ನೂರರಲ್ಲಿ 1.2 ಇದ್ದದ್ದು 7.1ಕ್ಕೆ ಏರಿತ್ತು. ಸಂಖ್ಯೆಗಿಂತ ರೀತಿ ಕೆಟ್ಟದ್ದು: ಹಾಗೆ ಕುಸಿದವರಲ್ಲಿ ಹತ್ತರಲ್ಲಿ ಆರು ಮಂದಿಗೆ ಒಂದಕ್ಕಿಂತ ಹೆಚ್ಚು ಮೂಳೆ ಒಟ್ಟಿಗೆ ಕುಸಿದಿತ್ತು.

ನಾಲ್ಕು ಇಂಜೆಕ್ಷನ್ ಆಗಿತ್ತು, ಕೊನೆಯದು 2019ರ ಅಕ್ಟೋಬರಿನಲ್ಲಿ. ಐದನೆಯದು 2020ರ ಏಪ್ರಿಲಿನಲ್ಲಿ ಆಗಬೇಕು. ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿಲ್ಲ. ಮಗ ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದ. ಇಂಜೆಕ್ಷನ್ ಫ್ರಿಜ್ಜಿನಲ್ಲಿಟ್ಟು ತರಬೇಕಾದದ್ದು, ಇವರು ಕೊಳ್ಳುತ್ತಿದ್ದ ಅಂಗಡಿಯಲ್ಲಿ ಇರಲಿಲ್ಲ. ಮತ್ತೆ ಬಸ್ಸು ಬಂದರೂ ಕೊರೊನಾ ಭಯಕ್ಕೆ ಹೊರಡಲಿಲ್ಲ. ಅವರ ಮಾತಲ್ಲೇ ಹೇಳುವುದಾದರೆ, ‘ಬೆನ್ನು ನೋವೇ ಇರ್ಲಿಲ್ಲವಲ್ಲ, ಒಂದು ಸೂಜಿ ತಪ್ಪಿದ್ರೆ ಏನಾದೀತು ಅಂತ ಸುಮ್ನಾದೆ.’ ಆಗಸ್ಟಿನಲ್ಲಿ, ಕೊನೆಯ ಇಂಜೆಕ್ಷನ್ ಆಗಿ ಹತ್ತು ತಿಂಗಳಿಗೆ, ಬಟ್ಟೆ ಒಣಹಾಕುವಾಗ ಸೊಂಟದ ಮೇಲೆ ಸಿಡಿಲು ಬಡಿದಂತಾಯಿತಂತೆ. ವಾರದ ನಂತರ ಇನ್ನೊಂದು ಕಡೆ. ಎಂಆರ್‌ಐಯಲ್ಲಿ ಹೊಸದಾಗಿ ಮೂರು ಮೂಳೆ ಕುಸಿದಿದ್ದವು.

ಜಗತ್ತಿನ ಮೂಳೆ ತಜ್ಞರ ಸಂಘಗಳು ಅದೇ ವರ್ಷದ ಮೇ ತಿಂಗಳಿನಲ್ಲಿ ಒಟ್ಟಾಗಿ ಹೇಳಿದ್ದವು: ಡೆನೊಸುಮಾಬ್ ತಡವಾಗಬಾರದು, ಕೊನೆಯ ಡೋಸಿನಿಂದ ಏಳು ತಿಂಗಳೊಳಗೆ ಕೊಡಲು ಆಗದಿದ್ದರೆ ಅಲೆಂಡ್ರೊನೇಟಿನಂಥ ಮಾತ್ರೆಯನ್ನಾದರೂ ತಾತ್ಕಾಲಿಕವಾಗಿ ಶುರು ಮಾಡಿ. ಅಂದರೆ ಭದ್ರಾವತಿಯ ಯಾವುದೇ ಔಷಧಿ ಅಂಗಡಿಯಲ್ಲಿ ಸಿಗುವ ವಾರದ ಮಾತ್ರೆ ಅವರ ಬೆನ್ನನ್ನು ಬಹುಶಃ ಉಳಿಸುತ್ತಿತ್ತು. ಒಂದು ಫೋನಿನ ಮಾತು ಸಾಕಿತ್ತು, ಆ ಫೋನು ಮಾಡಬೇಕೆಂದು ಅವರಿಗೆ ತಿಳಿದಿದ್ದರೆ.

ಆಮೇಲಿನ ಚಿಕಿತ್ಸೆಯಲ್ಲಿ ಒಂದೆರಡು ವಿಷಯ ತಿಳಿಯತಕ್ಕವು. ಒಟ್ಟಿಗೆ ಇಷ್ಟು ಮೂಳೆ ಕುಸಿದಾಗ ಬೇರೆ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು: ಮಜ್ಜೆಯ ಕ್ಯಾನ್ಸರ್, ಥೈರಾಯ್ಡ್ ಮತ್ತು ಪ್ಯಾರಾಥೈರಾಯ್ಡ್, ಉಬ್ಬಸಕ್ಕೋ ಸಂಧಿವಾತಕ್ಕೋ ನುಂಗಿದ ಸ್ಟೀರಾಯ್ಡ್. ವಿಟಮಿನ್ ಡಿ ಕೂಡ ನೋಡಲೇಬೇಕು. ಬಿಸಿಲ ನಾಡು ನಮ್ಮದು, ನಮಗೇಕೆ ಕೊರತೆ ಎನ್ನುವವರಿದ್ದಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಕಡಿಮೆಯಿತ್ತು. ಡಿ ಕಡಿಮೆಯಿರುವಾಗ ಈ ಬಲವಾದ ಇಂಜೆಕ್ಷನ್‌ಗಳನ್ನು ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆಯುತ್ತವೆ. ಹಾಗೆಂದು 60,000 ಯೂನಿಟ್ಟಿನ ಪುಡಿಯನ್ನು ವಾರಕ್ಕೊಂದರ ಬದಲು ದಿನಕ್ಕೊಂದು ತಿಂದು ವಿಷ ಮಾಡಿಕೊಂಡವರೂ ಇದ್ದಾರೆ. ಸರೋಜಮ್ಮನಿಗೆ ಡಿ ಸರಿಪಡಿಸಿ ಡೆನೊಸುಮಾಬನ್ನೇ ಮತ್ತೆ ಶುರು ಮಾಡಿದೆವು. ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಕೊಡಬಹುದಲ್ಲ ಎಂದು ಅವರ ಮಗ ಇಂಟರ್ನೆಟ್ಟಿನಲ್ಲಿ ಓದಿ ಕೇಳಿದ. ಬೆನ್ನು ಕುಸಿದವರಿಗೆ ಅದನ್ನು ಮೊದಲೇ ಕೊಟ್ಟಿದ್ದರೆ ಚೆನ್ನಾಗಿತ್ತು. ಡೆನೊಸುಮಾಬಿನ ಬೆನ್ನಿಗೇ ಅದಕ್ಕೆ ಬದಲಾಯಿಸಿದರೆ ಕೆಲಕಾಲ ಮೂಳೆ ಇನ್ನಷ್ಟು ಕರಗುತ್ತದೆ. ಈ ಮದ್ದುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೂ ಚಿಕಿತ್ಸೆಯ ಭಾಗವೇ.

ಎರಡು ವರ್ಷದ ನಂತರ ಡೆನೊಸುಮಾಬಿನಿಂದ ಇಳಿಸುವಾಗ, ಕೊನೆಯ ಡೋಸಾಗಿ ಸರಿಯಾಗಿ ಆರು ತಿಂಗಳಿಗೆ ಜೊಲೆಡ್ರೊನಿಕ್ ಆಮ್ಲ ಕೊಟ್ಟೆವು. ಇದೂ ಬಿಸ್‌ಫಾಸ್ಫೊನೇಟೇ, 5 ಮಿಲಿಗ್ರಾಂ ಡ್ರಿಪ್ಪಿನಲ್ಲಿ, ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ, ಪ್ಯಾರಾಸಿಟಮಾಲ್ ಸಾಕು. ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ 35 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಕೊಡಬಾರದು. ಇದನ್ನು ಬೇಗ ಕೊಟ್ಟರೆ ಡೆನೊಸುಮಾಬ್ ಇನ್ನೂ ಕೆರೆತವನ್ನು ತಡೆದಿರುವುದರಿಂದ ಮದ್ದು ಕೂರಲು ಮೂಳೆಯಲ್ಲಿ ತೆರೆದ ಜಾಗವೇ ಇರುವುದಿಲ್ಲ, ತಡವಾದರೆ ಕೋಶಗಳು ಎದ್ದಿರುತ್ತವೆ. ಹಾಗಾಗಿ ಮೂರು ತಿಂಗಳ ನಂತರ ಸಿಟಿಎಕ್ಸ್ ಎಂಬ ರಕ್ತ ಪರೀಕ್ಷೆ ಮಾಡಿಸಿದೆವು. ಮೂಳೆ ಎಷ್ಟು ಕರಗುತ್ತಿದೆ ಎಂಬುದರ ಅಳತೆ ಅದು. ಏರಿತ್ತು. ಇನ್ನೊಂದು ಜೊಲೆಡ್ರೊನಿಕ್ ಡ್ರಿಪ್ಪನ್ನು ವರ್ಷ ತುಂಬುವ ಮೊದಲೇ ಕೊಟ್ಟೆವು. ಆಮೇಲೆ ಹೊಸ ಕುಸಿತ ಆಗಿಲ್ಲ. ಕುಗ್ಗಿದ ಆರು ಸೆಂಟಿಮೀಟರ್ ಎತ್ತರ ಮರಳಿ ಬರುವುದೂ ಇಲ್ಲ.

ಅವರ ಮಗಳಿಗೆ ಈಗ ನಲವತ್ತೇಳು, ಶಿವಮೊಗ್ಗದಲ್ಲೇ ಶಾಲೆಯ ಶಿಕ್ಷಕಿ. ಮುಟ್ಟು ನಿಂತು ವರ್ಷವಾಯಿತು; ತರಗತಿಯಲ್ಲಿ ಪಾಠದ ನಡುವೆ ಮೈ ಕಾದು ಬೆವರಿಳಿಯುವುದು ತಡೆಯಲಾಗದೆ ಬಂದಿದ್ದರು. ಅಮ್ಮನ ಬೆನ್ನನ್ನು ಕಣ್ಣಾರೆ ಕಂಡವರು, ‘ನಂಗೂ ಆ ಇಂಜೆಕ್ಷನ್ ಈಗ್ಲೇ ಕೊಟ್ಬಿಡಿ’ ಎಂದರು. ಡೆಕ್ಸಾದಲ್ಲಿ ಮೈನಸ್ 1.6 ಬಂತು. ಅವರಿಗೆ ಆ ಇಂಜೆಕ್ಷನ್ ಬೇಡವೆಂದೆ, ಒಮ್ಮೆ ಹತ್ತಿದರೆ ಇಳಿಯುವ ದಾರಿ ಎಷ್ಟು ಇಕ್ಕಟ್ಟೆಂದು ಅಮ್ಮನ ಚೀಟಿಗಳನ್ನೇ ಮುಂದಿಟ್ಟು ತೋರಿಸಿದೆ. ಸ್ತನದ ಮ್ಯಾಮೊಗ್ರಾಂ ಮಾಡಿಸಿ, ಬಿಪಿ ನೋಡಿ, ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ತೋಳಿಗೆ ಹಚ್ಚುವ ಈಸ್ಟ್ರಡಯಾಲ್ ಜೆಲ್ ಬರೆದೆ. ಚರ್ಮದ ಮೂಲಕ ಹೋಗುವ ಹಾರ್ಮೋನು ಯಕೃತ್ತನ್ನು ಮೊದಲು ಹಾದುಹೋಗುವುದಿಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಗರ್ಭಕೋಶ ಇರುವುದರಿಂದ ರಾತ್ರಿ ಮಲಗುವಾಗ 100 ಮಿಲಿಗ್ರಾಂ ಪ್ರೊಜೆಸ್ಟರಾನ್ ಕ್ಯಾಪ್ಸೂಲು ತಪ್ಪದೆ ಇರಬೇಕು. ಮೊದಲ ಆರು ತಿಂಗಳು ಸ್ವಲ್ಪ ರಕ್ತ ಕಂಡರೆ ಸಹಜ, ಅದಾದ ಮೇಲೂ ಕಂಡರೆ ಸ್ಕ್ಯಾನ್ ಮಾಡಿಸಲೇಬೇಕು ಎಂದೆ. ವರ್ಷಕ್ಕೊಮ್ಮೆ ಕೂತು ಮುಂದುವರಿಸಬೇಕೇ ಎಂದು ಮಾತಾಡುತ್ತೇವೆ. ಹಾರ್ಮೋನು ನಿಲ್ಲಿಸುವ ವರ್ಷ ಮತ್ತೆ ಡೆಕ್ಸಾ ಮಾಡಿಸಿ, ಮೂಳೆಗೆ ಅಗತ್ಯವೆಂದರೆ ಅದೇ ತಿಂಗಳು ವಾರದ ಅಲೆಂಡ್ರೊನೇಟ್ ಶುರು ಮಾಡುವುದೆಂದು ಅವರ ಕಡತದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ. ಕಾಫಿಯ ಮೊದಲು, ಬರೀ ನೀರಿನಲ್ಲಿ.